ಎಂಟು ನೆರೆಮನೆ ಸಾಕು

ಕೇರಂ ಆಟವನ್ನು ಕಂಪ್ಯೂಟರಿಗೆ ಕಲಿಸಬೇಕೆಂದುಕೊಳ್ಳಿ. 9 ಕರಿ, 9 ಬಿಳಿ, ಒಂದು ಕೆಂಪು, ಜೊತೆಗೊಂದು ಸ್ಟ್ರೈಕರ್. ಒಟ್ಟು 20 ಬಿಲ್ಲೆ. ಸ್ಟ್ರೈಕರ್ ಹೊಡೆದಾಗ ಯಾವುದು ಯಾವುದಕ್ಕೆ ತಾಗಿತು ಎನ್ನುವುದು ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಹಾಗೆ ನೋಡಲು ಬರುವುದಿಲ್ಲ. ಅದರ ಬಳಿ ಇರುವುದು ಪ್ರತಿ ಬಿಲ್ಲೆಯ ನಡುಬಿಂದು ಎಲ್ಲಿದೆ ಎಂದು ತಿಳಿಸುವ ಎರಡು ಅಂಕಿ ಮತ್ತು ಅದರ ತ್ರಿಜ್ಯ, ಅಷ್ಟೇ. ಎರಡು ಬಿಲ್ಲೆಗಳ ನಡುಬಿಂದುಗಳ ಅಂತರ ಅವುಗಳ ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಾದರೆ ಡಿಕ್ಕಿ, ಇಲ್ಲವಾದರೆ ಇಲ್ಲ. ಹೀಗೆ ಎಲ್ಲ ಜೋಡಿಗಳನ್ನೂ ಒಂದೊಂದಾಗಿ ಅಳೆಯಬೇಕು. 20 ಬಿಲ್ಲೆಗಳಿಗೆ 190 ಜೋಡಿ. ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಇಲ್ಲ.

ಈಗ ಬಿಲ್ಲೆಗಳನ್ನು 4000ಕ್ಕೆ ಏರಿಸಿ. ಸಂಖ್ಯೆ ಹೆಚ್ಚಿದ್ದು 200 ಪಟ್ಟು. ಜೋಡಿಗಳು ಮಾತ್ರ 79,98,000, ಅಂದರೆ 42 ಸಾವಿರ ಪಟ್ಟು. ಪರದೆಯ ಮೇಲೆ ಚಲನೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಮೂಡಬೇಕು. ಪ್ರತಿ ಚಿತ್ರಕ್ಕೂ ಈ 80 ಲಕ್ಷ ಅಳತೆ ಮಾಡಿದರೆ ಸೆಕೆಂಡಿಗೆ 48 ಕೋಟಿಯಾಗುತ್ತದೆ. ಒಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗೂ ಕಡಿಮೆ. ಅದರಲ್ಲೇ ಚಿತ್ರ ಬಿಡಿಸಬೇಕು, ಸದ್ದು ಹೊರಡಿಸಬೇಕು, ಆಡುವವರ ಬೆರಳಿಗೆ ಸ್ಪಂದಿಸಬೇಕು. ಆಟ ಮುಗ್ಗರಿಸುವುದು ಇಲ್ಲೇ.

ಬೇಸರದ ಸಂಗತಿಯೆಂದರೆ, ಈ 80 ಲಕ್ಷದಲ್ಲಿ ಬಹುಪಾಲು ಕೇಳಬೇಕಾದ ಪ್ರಶ್ನೆಗಳೇ ಅಲ್ಲ. ಪರದೆಯ ಎಡ ಮೂಲೆಯಲ್ಲಿರುವ ಚೆಂಡು ಬಲ ಮೂಲೆಯದಕ್ಕೆ ತಾಗಿತೇ ಎಂದು ಸೆಕೆಂಡಿಗೆ 60 ಸಲ ಕೇಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಕೆಲಸವನ್ನು ಎರಡಾಗಿ ಒಡೆಯುತ್ತಾರೆ. ಮೊದಲ ಸುತ್ತಿನಲ್ಲಿ, ತಾಗಿರಬಹುದಾದ ಜೋಡಿಗಳನ್ನು ಅಗ್ಗದಲ್ಲಿ ಹೆಕ್ಕುವುದು. ಎರಡನೆಯ ಸುತ್ತಿನಲ್ಲಿ, ಹೆಕ್ಕಿದವನ್ನು ಮಾತ್ರ ನಿಖರವಾಗಿ ಅಳೆಯುವುದು. ಈ ಲೇಖನವೆಲ್ಲ ಮೊದಲ ಸುತ್ತಿನದು.

ಹೆಕ್ಕುವ ದಾರಿ ಚೌಕಾಬಾರ ಆಡಿದವರಿಗೆ ಹೊಸದಲ್ಲ. ಬಯಲಿನ ಮೇಲೆ ಗೆರೆ ಎಳೆದು ಮನೆಗಳನ್ನು ಮಾಡುವುದು. ನಮ್ಮ ಪರದೆ 1600 ಅಗಲ, 1200 ಎತ್ತರ ಎಂದಿಟ್ಟುಕೊಳ್ಳೋಣ. ಪ್ರತಿ ಚೆಂಡಿನ ತ್ರಿಜ್ಯ 8, ವ್ಯಾಸ 16. ಮನೆಯ ಬದಿಯನ್ನೂ 16 ಮಾಡಿ. ಅಡ್ಡಕ್ಕೆ 100, ಉದ್ದಕ್ಕೆ 75, ಒಟ್ಟು 7500 ಮನೆಗಳಾಗುತ್ತವೆ. ಚೆಂಡಿನ ನಡುಬಿಂದು ಯಾವ ಮನೆಯಲ್ಲಿ ಬೀಳುತ್ತದೋ ಅದೇ ಅದರ ವಿಳಾಸ. ವಿಳಾಸ ಹುಡುಕಲು ಹುಡುಕಾಟವೇ ಬೇಡ, ಒಂದು ಭಾಗಾಕಾರ ಸಾಕು. ಚೆಂಡು (412, 233)ರಲ್ಲಿದ್ದರೆ 412ನ್ನು 16ರಿಂದ ಭಾಗಿಸಿ 25.75, ಪೂರ್ಣಾಂಕ 25. 233ಕ್ಕೆ ಹಾಗೆಯೇ 14. ವಿಳಾಸ (25, 14). ಪೈಥಾನಿನಲ್ಲಿ ಬರೆದರೆ ಇಷ್ಟೇ:

```python
cx = math.floor(x / 16)
cy = math.floor(y / 16)
grid.setdefault((cx, cy), []).append(i)
```

ಎರಡು ಚೆಂಡು ತಾಗಬೇಕಾದರೆ ಅವುಗಳ ನಡುಬಿಂದುಗಳು 16ಕ್ಕಿಂತ ಹತ್ತಿರವಿರಬೇಕು. ಮನೆಯ ಬದಿಯೂ 16 ಆಗಿರುವುದರಿಂದ, ತಾಗಿದ ಚೆಂಡು ಒಂದೋ ಇದೇ ಮನೆಯಲ್ಲಿರುತ್ತದೆ, ಇಲ್ಲವೇ ಸುತ್ತಲಿನ ಎಂಟು ನೆರೆಮನೆಗಳಲ್ಲಿ ಒಂದರಲ್ಲಿರುತ್ತದೆ. ಎರಡು ಮನೆ ಆಚೆ ಇರಲು ಸಾಧ್ಯವೇ ಇಲ್ಲ. ಹಾಗಾಗಿ (25, 14)ರ ಚೆಂಡಿಗೆ 24ರಿಂದ 26ರವರೆಗಿನ ಕಂಬಸಾಲು, 13ರಿಂದ 15ರವರೆಗಿನ ಅಡ್ಡಸಾಲು ನೋಡಿದರೆ ಮುಗಿಯಿತು. 7500 ಮನೆಗೆ 4000 ಚೆಂಡು ಸಮನಾಗಿ ಹರಡಿದ್ದರೆ ಒಂಬತ್ತು ಮನೆಗಳಲ್ಲಿ ಸರಾಸರಿ 4.8 ಚೆಂಡು ಸಿಗುತ್ತವೆ. ಪ್ರತಿ ಜೋಡಿಯನ್ನು ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿದರೆ ಸುಮಾರು 9600 ಅಳತೆ. 80 ಲಕ್ಷ ಎಲ್ಲಿ, 9600 ಎಲ್ಲಿ! ಚೆಂಡುಗಳು ಚಲಿಸುತ್ತಲೇ ಇರುವುದರಿಂದ ಪ್ರತಿ ಚಿತ್ರಕ್ಕೂ ಹಳೆಯ ಪಟ್ಟಿಯನ್ನು ಅಳಿಸಿ ಹೊಸದಾಗಿ ತುಂಬುತ್ತಾರೆ. 4000 ಸಲ ಭಾಗಿಸಿ ಪಟ್ಟಿಗೆ ಸೇರಿಸುವುದು ದುಬಾರಿಯಲ್ಲ.

ಇದರಲ್ಲಿ ‘ಹ್ಯಾಶ್’ ಎಲ್ಲಿ ಬಂತು? ಬಯಲು ದೊಡ್ಡದಾದಾಗ. ಆಟದ ಲೋಕ ಒಂದು ಲಕ್ಷಕ್ಕೆ ಒಂದು ಲಕ್ಷ ಇದ್ದರೆ ಮನೆಗಳು ಸುಮಾರು 3.9 ಕೋಟಿ. 4000 ಚೆಂಡಿಗಾಗಿ ಅಷ್ಟು ಖಾಲಿ ಮನೆ ಕಟ್ಟಿಡುವುದು ದಂಡ. ಅದಕ್ಕೆ ಬದಲು ಯಾರಾದರೂ ವಾಸವಿರುವ ಮನೆಯನ್ನು ಮಾತ್ರ ನೆನಪಿನಲ್ಲಿಡುತ್ತಾರೆ. ಮನೆಯ ವಿಳಾಸವನ್ನು ಒಂದು ಸೂತ್ರಕ್ಕೆ ಹಾಕಿ ಕಲಸಿದರೆ ಸಣ್ಣ ಕೋಷ್ಟಕದ ಯಾವ ಗೂಡಿಗೆ ಹೋಗಬೇಕೆಂಬ ಅಂಕಿ ಬರುತ್ತದೆ. ಮ್ಯಾಥಿಯಾಸ್ ಟೆಶ್ನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೇಖನದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದು ಮೂರು ಆಯಾಮಕ್ಕೆ ಬರೆದದ್ದು, ನಮ್ಮ ಸಮತಲದ ಆಟಕ್ಕೆ ಮೊದಲೆರಡು ಅಂಕಿ ಸಾಕು: `(cx*73856093 ^ cy*19349663) % n`. ಇಲ್ಲಿ n ಎಂದರೆ ಗೂಡುಗಳ ಸಂಖ್ಯೆ. ಪೈಥಾನಿನ ಡಿಕ್ಷನರಿ ಈ ಕಲಸುವ ಕೆಲಸವನ್ನು ಒಳಗೊಳಗೇ ಮಾಡಿಕೊಳ್ಳುತ್ತದೆ. ಮೇಲಿನ ಮೂರು ಸಾಲಿನಲ್ಲಿ ಸೂತ್ರ ಕಾಣದಿರುವುದು ಅದಕ್ಕೇ.

ಸೂತ್ರವನ್ನು ಕೈಯಾರೆ ಬರೆದಾಗ ಎರಡು ಕಡೆ ಎಡವುತ್ತೇವೆ. ದೂರದೂರದ ಎರಡು ಮನೆಗಳು ಒಂದೇ ಗೂಡಿಗೆ ಬೀಳಬಹುದು. ಇದರಿಂದ ಡಿಕ್ಕಿ ತಪ್ಪಿಹೋಗುವುದಿಲ್ಲ, ಒಂದೆರಡು ಅನಗತ್ಯ ಅಳತೆ ಹೆಚ್ಚುತ್ತದೆ ಅಷ್ಟೇ. ಆದರೆ ನಾವು ನೋಡುವ ಒಂಬತ್ತರಲ್ಲೇ ಎರಡು ಮನೆ ಒಂದೇ ಗೂಡಿಗೆ ಬಿದ್ದರೆ ಅದೇ ಜೋಡಿ ಎರಡು ಸಲ ಸಿಗುತ್ತದೆ, ಚೆಂಡಿಗೆ ಎರಡು ಸಲ ತಳ್ಳು ಬೀಳುತ್ತದೆ. ಎಲ್ಲ ಚೆಂಡುಗಳೂ ಸರಿಯಾಗಿ ಪುಟಿಯುತ್ತಿರುವಾಗ ಎಲ್ಲೋ ಒಂದು ಕಾರಣವಿಲ್ಲದೆ ಚಿಮ್ಮಿ ಓಡಿದರೆ ಮೊದಲು ಇದನ್ನು ಅನುಮಾನಿಸಬೇಕು. ಎರಡನೆಯದು ಸೊನ್ನೆಯ ಎಡಕ್ಕಿರುವ ಬಯಲು. ಸಿ ಭಾಷೆಯಲ್ಲಿ ಋಣ ಅಂಕಿಯ ಶೇಷವೂ ಋಣವೇ. ಗೂಡಿನ ಸಂಖ್ಯೆ -7 ಎಂದು ಬಂದರೆ ಪ್ರೋಗ್ರಾಂ ಇಲ್ಲದ ಗೂಡಿಗೆ ಕೈ ಹಾಕುತ್ತದೆ. ಆಟಗಾರ ನಕ್ಷೆಯ ಎಡಭಾಗಕ್ಕೆ ನಡೆದಾಗ ಮಾತ್ರ ಆಟ ಕುಸಿಯುತ್ತದೆ ಎಂಬ ದೂರು ಬಂದರೆ ಕಾರಣ ಬಹುಶಃ ಇದೇ.

ಮನೆಯ ಅಳತೆಯ ಬಗ್ಗೆ ಉದಾಸೀನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಪ್ರಸಿದ್ಧ ಸಾಕ್ಷಿಯೊಂದಿದೆ: 1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಬಿಡುಗಡೆ ಮಾಡಿದ ‘ಡೂಮ್’. ಅದರ ನಕ್ಷೆ 128 ಮಾನದ ಚೌಕಗಳಾಗಿ ಹಂಚಿಕೊಂಡಿತ್ತು. ಪ್ರತಿ ರಾಕ್ಷಸನ ಹೆಸರು ಅವನ ನಡುಬಿಂದು ಇರುವ ಒಂದೇ ಚೌಕದಲ್ಲಿ ದಾಖಲು. ಒಬ್ಬರು ಇನ್ನೊಬ್ಬರ ದಾರಿಗೆ ಅಡ್ಡ ಬಂದರೇ ಎಂದು ನೋಡುವಾಗ ಪ್ರೋಗ್ರಾಂ ಎಚ್ಚರ ವಹಿಸುತ್ತಿತ್ತು. ಹುಡುಕುವ ಜಾಗವನ್ನು ಸುತ್ತಲೂ 32 ಮಾನ ಹಿಗ್ಗಿಸಿಕೊಂಡು ಅಷ್ಟರಲ್ಲಿ ಬರುವ ನೆರೆಚೌಕಗಳನ್ನೂ ನೋಡುತ್ತಿತ್ತು. ಗುಂಡು ಹಾರಿಸಿದಾಗ ಆ ಎಚ್ಚರ ಇರಲಿಲ್ಲ. ಗುಂಡಿನ ಗೆರೆ ಹಾಯುವ ಚೌಕಗಳನ್ನು ಮಾತ್ರ ಅದು ನೋಡುತ್ತಿತ್ತು. ರಾಕ್ಷಸನ ಎದೆ ಈ ಚೌಕದಲ್ಲಿ, ತೋಳು ಪಕ್ಕದ ಚೌಕದಲ್ಲಿ ಇದ್ದು, ಗುಂಡು ತೋಳಿನ ಮೂಲಕ ಮಾತ್ರ ಹಾದರೆ ಆ ಚೌಕದ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಗುಂಡು ಗಾಳಿಯಲ್ಲಿ ಹೋದಂತೆ ಹೋಗುತ್ತಿತ್ತು. ಗುರಿ ಸರಿಯಾಗಿದ್ದರೂ ಏಟು ಬೀಳಲಿಲ್ಲವೆಂದು ಎಷ್ಟೋ ಆಟಗಾರರು ತಮ್ಮ ಕೈಯನ್ನೇ ಬೈದುಕೊಂಡಿರಬೇಕು. 1997ರಲ್ಲಿ ಮೂಲ ಸಂಕೇತ ಬಹಿರಂಗವಾದದ್ದರಿಂದ ಈ ತಪ್ಪನ್ನು ಇಂದು ಯಾರು ಬೇಕಾದರೂ ಓದಿ ನೋಡಬಹುದು. 32 ಮಾನದ ಹಿಗ್ಗೂ ಎಲ್ಲರಿಗೂ ಸಾಲುತ್ತಿರಲಿಲ್ಲ. ಆಟದ ಕೊನೆಯ ಜೇಡ ರಾಕ್ಷಸಿಯ ತ್ರಿಜ್ಯವೇ 128.

ಆ ಜೇಡವೇ ಗ್ರಿಡ್ಡಿನ ನಿಜವಾದ ಕಷ್ಟವನ್ನೂ ತೋರಿಸುತ್ತದೆ. ನಮ್ಮ 4000 ಚೆಂಡಿನ ನಡುವೆ 400 ವ್ಯಾಸದ ದೈತ್ಯ ಚೆಂಡೊಂದು ಬಂತೆನ್ನಿ. ದೊಡ್ಡದರ ಅಳತೆಗೆ ಮನೆ ಕಟ್ಟಿದರೆ ಇಡೀ ಪರದೆಗೆ 12 ಮನೆ, ಒಂದೊಂದರಲ್ಲೂ 333 ಚೆಂಡು. ಒಂಬತ್ತು ಮನೆ ನೋಡುವುದೆಂದರೆ ಮುಕ್ಕಾಲು ಊರನ್ನೇ ನೋಡಿದ ಹಾಗೆ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇಂಥಲ್ಲಿ ಕ್ವಾಡ್‌ಟ್ರೀ ನೆನಪಾಗುತ್ತದೆ. ಈ ಹೆಸರಿನ ಮರವನ್ನು ರಾಫೆಲ್ ಫಿಂಕೆಲ್ ಮತ್ತು ಜಾನ್ ಬೆಂಟ್ಲಿ 1974ರಲ್ಲಿ ವಿವರಿಸಿದರು. ಅವರ ಮರ ಬಿಂದು ಇದ್ದಲ್ಲೇ ಜಾಗವನ್ನು ಸೀಳುತ್ತಿತ್ತು. ಆಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಮನಾಗಿ ನಾಲ್ಕು ಪಾಲು ಮಾಡುವ ಬಗೆ. ಇಡೀ ಬಯಲು ಒಂದೇ ಮನೆ ಎಂದು ಶುರು ಮಾಡಿ, ಅದರಲ್ಲಿ 8ಕ್ಕಿಂತ ಹೆಚ್ಚು ಚೆಂಡು ಸೇರಿದರೆ ನಾಲ್ಕಾಗಿ ಪಾಲು ಮಾಡುವುದು, ಪಾಲಿನಲ್ಲೂ ಹೆಚ್ಚಾದರೆ ಅದನ್ನು ಮತ್ತೆ ನಾಲ್ಕು ಮಾಡುವುದು. ಜನ ದಟ್ಟವಾಗಿರುವಲ್ಲಿ ಸಣ್ಣ ಮನೆ, ಬಯಲಾಗಿರುವಲ್ಲಿ ದೊಡ್ಡ ಮನೆ ತಾನಾಗಿ ಏಳುತ್ತವೆ. ದೊಡ್ಡ ಚೆಂಡು ತನಗೆ ಹಿಡಿಸುವ ಮೇಲಿನ ಹಂತದಲ್ಲೇ ಉಳಿಯುತ್ತದೆ.

ಕೇಳಲು ಚೆಂದ. ಆದರೆ ಸಣ್ಣ ಚೆಂಡೂ ನಟ್ಟನಡುವಿನ ಗೆರೆಯ ಮೇಲೆ ಕೂತರೆ ಯಾವ ಪಾಲಿಗೂ ಪೂರ್ತಿ ಸೇರದೆ ಬೇರಿನಲ್ಲೇ ಉಳಿದುಬಿಡುತ್ತದೆ. ಬೇರಿನಲ್ಲಿರುವುದನ್ನು ಪ್ರತಿ ಹುಡುಕಾಟದಲ್ಲೂ ನೋಡಬೇಕು. ಪ್ರತಿ ಪಾಲಿನ ಗಡಿಯನ್ನು ಪಕ್ಕದವರ ಜಾಗಕ್ಕೆ ಕೊಂಚ ಚಾಚಲು ಬಿಡುವ ‘ಸಡಿಲ’ ಮರ ಇದಕ್ಕೆ ಮದ್ದು. ಇನ್ನೊಂದು ಅಪಾಯ, ಒಂಬತ್ತು ಚೆಂಡುಗಳ ನಡುಬಿಂದು ಒಂದೇ ಜಾಗದಲ್ಲಿ ಇರುವುದು. ನಡುಬಿಂದುವನ್ನೇ ನೋಡಿ ಪಾಲು ಮಾಡುವ ಮರ ಎಷ್ಟು ಸಲ ಸೀಳಿದರೂ ಆ ಒಂಬತ್ತೂ ಒಂದೇ ಪಾಲಿಗೆ ಬೀಳುತ್ತವೆ. ಇಂತಿಷ್ಟು ಹಂತಕ್ಕಿಂತ ಕೆಳಗಿಳಿಯಬಾರದು ಎಂಬ ಮಿತಿ ಹಾಕದಿದ್ದರೆ ಪ್ರೋಗ್ರಾಂ ಸೀಳುತ್ತಲೇ ಇದ್ದು ಕೊನೆಗೆ ನೆನಪು ತುಂಬಿ ಬೀಳುತ್ತದೆ. ಒಂದೇ ಜಾಗದಿಂದ ಸಾವಿರ ಕಿಡಿ ಚಿಮ್ಮಿಸುವ ಪಟಾಕಿಯ ದೃಶ್ಯದಲ್ಲಿ ಇದು ಮೊದಲ ಕ್ಷಣದಲ್ಲೇ ಆಗುತ್ತದೆ. ಅದೇ ಕ್ಷಣದಲ್ಲಿ ಗ್ರಿಡ್ ಸಾಯುವುದಿಲ್ಲ, ಆದರೆ ಎಲ್ಲ ಕಿಡಿಗಳೂ ಒಂದೇ ಮನೆಯಲ್ಲಿರುವುದರಿಂದ ಹಳೆಯ ಎಲ್ಲ ಜೋಡಿಗಳ ಲೆಕ್ಕಕ್ಕೇ ಮರಳುತ್ತದೆ.

ಒಂದೇ ಅಳತೆಯ, ಸದಾ ಓಡಾಡುವ ವಸ್ತುಗಳಿಗೆ ನಾನು ಗ್ರಿಡ್ಡಿನ ಪಕ್ಷ. ಸಮನಾಗಿ ಹರಡಿದ 4000 ಚೆಂಡಿಗೆ ಮರದಲ್ಲಿ ಸುಮಾರು ಐದು ಹಂತ ಇಳಿಯಬೇಕು, ಗ್ರಿಡ್ಡಿನಲ್ಲಿ ಒಂದು ಭಾಗಾಕಾರ. ಒಂದೋ ಎರಡೋ ದೈತ್ಯರು ಬಂದರೆ ಮರ ನೆಡುವ ಅಗತ್ಯವೂ ಇಲ್ಲ. ಅವರನ್ನು ಬೇರೆ ಪಟ್ಟಿಯಲ್ಲಿಟ್ಟು ಎಲ್ಲರ ಜೊತೆಗೂ ಅಳೆದುಬಿಡಿ. ಒಬ್ಬ ದೈತ್ಯನಿಗೆ 4000 ಅಳತೆ, ಅಷ್ಟೇ. ಗಾತ್ರಗಳು ತೀರಾ ಬೇರೆಬೇರೆಯಾಗಿದ್ದು ಬಹುಪಾಲು ವಸ್ತುಗಳು ಅಲುಗಾಡದೆ ಇದ್ದರೆ, ಉದಾಹರಣೆಗೆ ನಕ್ಷೆಯ ಮರ, ಗೋಡೆ, ಕಟ್ಟಡ, ಆಗ ಕ್ವಾಡ್‌ಟ್ರೀ ತನ್ನ ಖರ್ಚನ್ನು ತಾನೇ ಗಳಿಸಿಕೊಳ್ಳುತ್ತದೆ.

ಯಾವುದನ್ನೇ ಬರೆಯಿರಿ, ಎಲ್ಲ ಜೋಡಿಗಳನ್ನೂ ಅಳೆಯುವ ಹಳೆಯ ಸಂಕೇತವನ್ನು ಅಳಿಸಬೇಡಿ. 300 ಚೆಂಡು ಹಾಕಿ ಎರಡನ್ನೂ ಜೊತೆಗೆ ಓಡಿಸಿ, ಎರಡೂ ಕೊಟ್ಟ ಡಿಕ್ಕಿಗಳ ಪಟ್ಟಿಯನ್ನು ಹೋಲಿಸಿ. ಒಂದು ಜೋಡಿ ಕಡಿಮೆಯಾದರೂ ನೆರೆಮನೆಯ ಲೆಕ್ಕ ತಪ್ಪಿದೆ, ಹೆಚ್ಚಾದರೆ ಯಾವುದೋ ಎರಡು ಸಲ ಎಣಿಕೆಯಾಗಿದೆ. ಇನ್ನು ನಿಮ್ಮ ಆಟದಲ್ಲಿ ಯಾವತ್ತೂ 300ಕ್ಕಿಂತ ಹೆಚ್ಚು ಚೆಂಡು ಇರುವುದಿಲ್ಲವೆಂದಾದರೆ ಆ ಹಳೆಯ ಸಂಕೇತವನ್ನೇ ಇಟ್ಟುಕೊಳ್ಳಿ. 44,850 ಜೋಡಿಗಳಿಗಾಗಿ ಗ್ರಿಡ್ಡೂ ಬೇಡ, ಮರವೂ ಬೇಡ.