ಸಾಲದಲ್ಲಿ ಹುಟ್ಟುವ ಹಣ

ಒಬ್ಬರು ಇಟ್ಟ ಠೇವಣಿಯನ್ನೇ ಬ್ಯಾಂಕು ಇನ್ನೊಬ್ಬರಿಗೆ ಸಾಲ ಕೊಡುತ್ತದೆ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ನಡೆಯುವುದೇ ಬೇರೆ. 10 ಲಕ್ಷದ ವೈಯಕ್ತಿಕ ಸಾಲ ಮಂಜೂರಾದಾಗ ಬ್ಯಾಂಕು ತನ್ನ ಲೆಕ್ಕದಲ್ಲಿ ಎರಡು ನಮೂದು ಮಾಡುತ್ತದೆ: ಸಾಲಗಾರರಿಂದ ಬರಬೇಕಾದದ್ದು 10 ಲಕ್ಷ, ಅವರ ಖಾತೆಗೆ ಜಮೆ 10 ಲಕ್ಷ. ಯಾವ ಠೇವಣಿದಾರರ ಖಾತೆಯಲ್ಲೂ ಒಂದು ರೂಪಾಯಿ ಕಡಿಮೆಯಾಗಿರುವುದಿಲ್ಲ. ದೇಶದಲ್ಲಿರುವ ಹಣ ಮಾತ್ರ 10 ಲಕ್ಷ ಹೆಚ್ಚಿರುತ್ತದೆ. ಅಸಲು ತೀರಿದಂತೆಲ್ಲ ಅಷ್ಟು ಹಣ ಇಲ್ಲವಾಗುತ್ತದೆ.

ಹಾಗಾದರೆ ಇದಕ್ಕೆ ತಡೆಯೇ ಇಲ್ಲವೇ? ಸಾಲಗಾರರು ಆ ಹಣವನ್ನು ಬೇರೆ ಬ್ಯಾಂಕಿನ ಖಾತೆಗೆ ಕಳಿಸಿದೊಡನೆ ಮೊದಲ ತಡೆ ಎದುರಾಗುತ್ತದೆ. ಬ್ಯಾಂಕುಗಳ ನಡುವಿನ ಬಾಕಿ ತೀರುವುದು ರಿಸರ್ವ್ ಬ್ಯಾಂಕಿನಲ್ಲಿ ಅವು ಇಟ್ಟಿರುವ ಖಾತೆಗಳ ಮೂಲಕ. ಆ ಹಣವನ್ನು ಬ್ಯಾಂಕು ತಾನೇ ಸೃಷ್ಟಿಸಲಾರದು. ಠೇವಣಿ ಸೆಳೆಯಬೇಕು, ಇಲ್ಲವೇ ಬಡ್ಡಿ ತೆತ್ತು ಸಾಲ ತರಬೇಕು. ಠೇವಣಿಗಾಗಿ ಬ್ಯಾಂಕುಗಳು ಅಷ್ಟೊಂದು ಪೈಪೋಟಿ ನಡೆಸುವುದು ಇದಕ್ಕೇ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬಿಗಿಯಾದ ಲಗಾಮು ಬಂಡವಾಳದ್ದು. ಸಾಲ ಮುಳುಗಿದರೆ ನಷ್ಟ ಮೊದಲು ತಟ್ಟಬೇಕಾದದ್ದು ಷೇರುದಾರರ ಹಣಕ್ಕೆ, ಠೇವಣಿಗಲ್ಲ. ಅದಕ್ಕಾಗಿ ಪ್ರತಿ ಬಗೆಯ ಸಾಲಕ್ಕೂ ಅಪಾಯಕ್ಕೆ ತಕ್ಕ ತೂಕ ಕೊಟ್ಟು, ಆ ಮೊತ್ತದ ಕನಿಷ್ಠ ಶೇ. 9ರಷ್ಟು ಬಂಡವಾಳ ಇರಲೇಬೇಕೆಂದು ನಮ್ಮಲ್ಲಿ ನಿಯಮವಿದೆ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಅಡಮಾನವಿಲ್ಲದ ವೈಯಕ್ತಿಕ ಸಾಲದ ತೂಕವನ್ನು ಶೇ. 100ರಿಂದ 125ಕ್ಕೆ ಏರಿಸಿತು. ಅದೇ 10 ಲಕ್ಷದ ಸಾಲಕ್ಕೆ ಬೇಕಾದ ಕನಿಷ್ಠ ಬಂಡವಾಳ 90,000 ರೂಪಾಯಿಯಿಂದ 1,12,500ಕ್ಕೆ ಹೋಯಿತು. ಮುಂದಿನ ತಿಂಗಳುಗಳಲ್ಲಿ ಅಂಥ ಸಾಲದ ಬೆಳವಣಿಗೆ ಕುಗ್ಗಿತು.