ಕಂದು ಬಣ್ಣಕ್ಕೆ ಸಿಕ್ಕಿಬಿದ್ದ ಆಮ್ಲಜನಕ

ಮೀನಿನ ಹೊಂಡದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಸೂರ್ಯ ಹುಟ್ಟುವ ಮೊದಲು. ಹಗಲಿಡೀ ಪಾಚಿ ಆಮ್ಲಜನಕವನ್ನು ನೀರಿಗೆ ಸೇರಿಸುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ತಳದ ಕೆಸರಿನ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಆ ದಾಸ್ತಾನನ್ನು ಉಸಿರಾಡಿ ಖಾಲಿ ಮಾಡುತ್ತವೆ. ಹೊಂಡದ ಆರೋಗ್ಯ ತಿಳಿಯಬೇಕಾದರೆ ಮಧ್ಯಾಹ್ನದ ನೀರನ್ನು ನಂಬಬಾರದು, ನಸುಕಿನ ನೀರನ್ನೇ ಹಿಡಿಯಬೇಕು.

ಹಿಡಿದ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ದಾರಿಯನ್ನು ಹಂಗೆರಿಯ ರಸಾಯನಶಾಸ್ತ್ರಜ್ಞ ಲಾಯೋಷ್ ವಿಂಕ್ಲರ್ 1888ರಲ್ಲಿ ತೋರಿಸಿದರು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಅದರ ಸುಧಾರಿತ ರೂಪ. ನನ್ನ ಮಟ್ಟಿಗೆ ಇದರ ಫಲಿತಾಂಶ ಕೆಡುವುದು ಬ್ಯುರೆಟ್ ಮುಂದೆ ಅಲ್ಲ, ಬಹುಪಾಲು ಹೊಂಡದ ದಡದಲ್ಲೇ. ಆದ್ದರಿಂದ ದಡದ ಕೆಲಸವನ್ನೇ ಮೊದಲು ನೋಡೋಣ.

300 ಮಿಲಿಲೀಟರಿನ ಬಿಒಡಿ ಬಾಟಲಿಯನ್ನು ನೀರೊಳಗೆ ನಿಧಾನವಾಗಿ ಓರೆಯಾಗಿ ಮುಳುಗಿಸಿ ತುಂಬಿಸಬೇಕು. ಗುಳುಗುಳು ಸದ್ದು ಬಂದರೆ ಹೊರಗಿನ ಗಾಳಿ ಬೆರೆಯಿತೆಂದೇ ಅರ್ಥ. ಮೇಲೆ ತಂದು, ಪಿಪೆಟ್ಟಿನ ತುದಿಯನ್ನು ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗಿಟ್ಟು 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಅದೇ ರೀತಿ 2 ಮಿಲಿಲೀಟರ್ ಕ್ಷಾರೀಯ ಅಯೊಡೈಡ್-ಅಜೈಡ್ ದ್ರಾವಣ ಹಾಕುತ್ತಾರೆ. ಮುಚ್ಚಳವನ್ನು ಓರೆಯಾಗಿ ಜಾರಿಸಿ ಮುಚ್ಚಿ, ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡುತ್ತಾರೆ. ಮೊದಲು ಬಿಳಿಯ ಮ್ಯಾಂಗನಸ್ ಹೈಡ್ರಾಕ್ಸೈಡ್ ಹುಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಅದನ್ನು ಹೀರಿ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣ ನೋಡಿಯೇ ಅನುಭವಿಗಳು ನೀರಿನ ಸ್ಥಿತಿಯನ್ನು ಅಂದಾಜಿಸುತ್ತಾರೆ.

ಇಲ್ಲೊಂದು ಗಾಳಿಗುಳ್ಳೆ ಉಳಿದರೆ ಏನಾದೀತು? ಅರ್ಧ ಮಿಲಿಲೀಟರ್ ಗಾಳಿಯಲ್ಲಿ ಸುಮಾರು 0.14 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಕಂದು ಮಡ್ಡಿ ಅದನ್ನೂ ಪೂರ್ತಿ ಹೀರಿಕೊಂಡರೆ ಲೀಟರಿಗೆ 0.47 ಮಿಲಿಗ್ರಾಂನಷ್ಟು ಸುಳ್ಳು ಲೆಕ್ಕ ಸೇರುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದಷ್ಟೂ ಈ ಸುಳ್ಳಿನ ಪಾಲು ದೊಡ್ಡದು. ಗುಳ್ಳೆ ಕಂಡರೆ ಆ ಬಾಟಲಿಯನ್ನು ಚೆಲ್ಲಿ ಹೊಸದಾಗಿ ತುಂಬಿಸುವುದೇ ಸರಿ.

ಮಡ್ಡಿ ಕೆಳಗಿಳಿದ ಮೇಲೆ 2 ಮಿಲಿಲೀಟರ್ ಸಾಂದ್ರ ಗಂಧಕಾಮ್ಲ ಹಾಕಿ ಮತ್ತೆ ಮುಚ್ಚಿ ಅಲುಗಿಸಿದರೆ ಮಡ್ಡಿ ಕರಗಿ, ಆಮ್ಲಜನಕಕ್ಕೆ ಸಮನಾದಷ್ಟು ಅಯೋಡಿನ್ ಹೊರಬರುತ್ತದೆ. ಅಜೈಡ್ ಆಮ್ಲದೊಡನೆ ಸೇರಿದಾಗ ವಿಷಾನಿಲ ಏಳಬಹುದು, ಆದ್ದರಿಂದ ಗಾಳಿಯಾಡುವ ಜಾಗ ಬೇಕು. ಅಯೋಡಿನ್ ಆವಿಯಾಗಿ ಹಾರಿಹೋಗುವ ಸ್ವಭಾವದ್ದು, ಹಾಗಾಗಿ ಟೈಟ್ರೇಶನ್ ತಡಮಾಡುವಂತಿಲ್ಲ.

ಈಗ ಬಾಟಲಿಯಿಂದ 203 ಮಿಲಿಲೀಟರ್ ಅಳೆದುಕೊಳ್ಳುತ್ತಾರೆ. 200 ಏಕಲ್ಲ? ಮೊದಲೆರಡು ದ್ರಾವಣ ಹಾಕಿದಾಗ 4 ಮಿಲಿಲೀಟರ್ ಮಾದರಿ ನೀರು ಹೊರಚೆಲ್ಲಿತ್ತು. 200 × 300 ÷ 296 ಎಂದರೆ 203. ಅದರಲ್ಲಿ 200 ಮಿಲಿಲೀಟರ್ ಮೂಲ ನೀರಿನ ಆಮ್ಲಜನಕವಿದೆ. ಥಯೊಸಲ್ಫೇಟನ್ನು ಬ್ಯುರೆಟ್ಟಿನಿಂದ ಬಿಡುತ್ತಾ, ಬಣ್ಣ ತೆಳು ಹುಲ್ಲಿನ ಹಳದಿಗೆ ಬಂದಾಗ ಮಾತ್ರ ಸ್ಟಾರ್ಚ್ ಹಾಕಬೇಕು. ಮೊದಲೇ ಹಾಕಿದರೆ ಸ್ಟಾರ್ಚ್ ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಂಡು, ನೀಲಿ ಮಾಯವಾಗುವ ಹನಿ ಸ್ಪಷ್ಟವಾಗುವುದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ. ನೀಲಿ ಹೋಗಲು 4.2 ಮಿಲಿಲೀಟರ್ ಬೇಕಾಯಿತು, ಸೀಸೆಯ ಚೀಟಿಯಲ್ಲಿ 0.025 ನಾರ್ಮಲ್ ಎಂದಿದೆ ಎನ್ನೋಣ. ಒಂದು ಆಮ್ಲಜನಕ ಅಣುವಿಗೆ ನಾಲ್ಕು ಥಯೊಸಲ್ಫೇಟ್ ಖರ್ಚಾಗುವುದರಿಂದ ಆಮ್ಲಜನಕದ ತುಲ್ಯಭಾರ 32 ÷ 4, ಅಂದರೆ 8.

4.2 × 0.025 × 8 × 1000 ÷ 200 = 4.2

ಲೀಟರಿಗೆ 4.2 ಮಿಲಿಗ್ರಾಂ. ಮೀನುಗಾರಿಕೆಗೆ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಕನಿಷ್ಠ 4. ಹೊಂಡ ಪಾಸಾಯಿತು. ಆದರೆ ಥಯೊಸಲ್ಫೇಟ್ ದ್ರಾವಣ ದಿನಗಳೆದಂತೆ ದುರ್ಬಲವಾಗುತ್ತದೆ. 10 ಮಿಲಿಲೀಟರ್ 0.025 ನಾರ್ಮಲ್ ಡೈಕ್ರೋಮೇಟಿಗೆ ಅಯೊಡೈಡ್ ಮತ್ತು ಆಮ್ಲ ಸೇರಿಸಿ ಇದೇ ಥಯೊಸಲ್ಫೇಟಿನಿಂದ ಪರೀಕ್ಷಿಸಿದಾಗ 10.9 ಮಿಲಿಲೀಟರ್ ಬೇಕಾದರೆ, ಅದರ ನಿಜವಾದ ಬಲ 0.25 ÷ 10.9, ಅಂದರೆ 0.0229. ಆಗ ಉತ್ತರ:

4.2 × 0.0229 × 8 × 1000 ÷ 200 = 3.85

ಅದೇ ನೀರು, ಅದೇ ಹನಿಗಳು, ಆದರೆ ಹೊಂಡ ಈಗ ಗೆರೆಯ ಕೆಳಗಿದೆ. ಚೀಟಿಯನ್ನು ನಂಬಿದವರಿಗೆ ಇದು ತಿಳಿಯುವುದೇ ಇಲ್ಲ.

ನೀಲಿ ಹೋದ ಕೂಡಲೇ ಮತ್ತೆ ಮರಳಿ ಬರುತ್ತಿದ್ದರೆ ನೈಟ್ರೈಟ್ ಮೇಲೆ ಅನುಮಾನಪಡಬೇಕು. ಮೇವು, ಮೀನಿನ ಕಸ ಕೊಳೆಯುವ ಹೊಂಡದಲ್ಲಿ ಅದು ಸಾಮಾನ್ಯ. ಆಮ್ಲದಲ್ಲಿ ಅದು ಅಯೊಡೈಡನ್ನು ಅಯೋಡಿನ್ ಮಾಡಿ, ಗಾಳಿ ತಗುಲಿದಾಗ ಮತ್ತೆ ಹುಟ್ಟಿಬರುತ್ತದೆ. ಅಜೈಡ್ ಸೇರಿಸುವುದು ಅದನ್ನು ನಾಶಮಾಡಲೆಂದೇ. ತಳದ ಕಪ್ಪು ಕೆಸರಿನ ಸಲ್ಫೈಡ್ ಬೆರೆತಾಗ ಮಾತ್ರ ದೋಷ ತಿರುಗುಮುರುಗು: ಅದು ಅಯೋಡಿನ್ನನ್ನೇ ತಿಂದು ಅಂಕಿಯನ್ನು ಕುಗ್ಗಿಸುತ್ತದೆ. ಇದಕ್ಕೆ ಅಜೈಡ್ ಮದ್ದಲ್ಲ. ಅಂಥ ನೀರಿಗೆ ಸರಿಹೊಂದಿಸಿದ ಆಮ್ಲಜನಕ ಮೀಟರಿನ ಓದೇ ಮೇಲು.