ಅಹವಾಲು, ಕವಾಯತು, ಮಸಾಲೆ: ಮುರಿದ ಬಹುವಚನದ ಲೆಕ್ಕ

ಚಿಕ್ಕೋಡಿಯ ಕಚೇರಿಗೆ ಅಹವಾಲು ಕೊಡಲು ಬಂದ ರೈತ, ರಾಯಬಾಗದ ಶಾಲೆಯ ಬಯಲಲ್ಲಿ ಕವಾಯತು ಮಾಡುವ ಹುಡುಗ, ಕಾಗವಾಡದ ಸಂತೆಯಲ್ಲಿ ಮಸಾಲೆ ಕೊಳ್ಳುವ ಹೆಣ್ಣುಮಗಳು: ಮೂವರೂ ಆಡುವುದು ಅರಬ್ಬಿಯ ಬಹುವಚನಗಳನ್ನೇ. 1686ರವರೆಗೆ ಈ ಸೀಮೆಯನ್ನು ಆಳಿದ ಬಿಜಾಪುರದ ಆದಿಲಶಾಹಿಯ ಫಾರಸಿ, ಆಮೇಲೆ ಮರಾಠಿ ದಫ್ತರಗಳು ಇಂಥ ಎಷ್ಟೋ ಪದಗಳನ್ನು ನಮ್ಮ ಬಾಯಿಗೆ ತಂದವು. ಹಾಲ್ ಎಂದರೆ ಸ್ಥಿತಿ, ಅದರ ಬಹುವಚನ ಅಹ್ವಾಲ್. ಕಾಯಿದಾ ಎಂಬುದರ ಬಹುವಚನ ಕವಾಇದ್, ಮಸ್ಲಹತ್ ಎಂಬುದರದು ಮಸಾಲಿಹ್. ಕನ್ನಡಕ್ಕೆ ಬಂದ ಮೇಲೆ ಇವೆಲ್ಲ ಏಕವಚನವಾದವು. ಹಾಗಾಗಿ ‘ಅಹವಾಲುಗಳು’ ಎಂದು ಬರೆದವರ ತಪ್ಪು ಹಿಡಿಯಬೇಕಿಲ್ಲ.

ಕನ್ನಡದಲ್ಲಿ ಮರಕ್ಕೆ ‘ಗಳು’ ಹಚ್ಚಿದರೂ ಮರ ಎಂಬ ಪದ ಇದ್ದಂತೆಯೇ ಇರುತ್ತದೆ. ಅರಬ್ಬಿಯ ಈ ಬಗೆಯ ಬಹುವಚನದಲ್ಲಿ ವ್ಯಂಜನಗಳು ಉಳಿದು, ಅವುಗಳ ನಡುವಿನ ಸ್ವರಗಳು ಹೊಸದಾಗಿ ಕೂರುತ್ತವೆ. ಅದಕ್ಕೇ ಮುರಿದ ಬಹುವಚನ ಎಂಬ ಹೆಸರು. ನಿಪ್ಪಾಣಿ, ಅಥಣಿ ಕಡೆಯ ಉರ್ದು ಕಲಿಯುವ ಮಕ್ಕಳಿಗೂ ‘ವಾಹಿದ್–ಜಮಾ’ ಪಟ್ಟಿಗಳು ಹೊಸವಲ್ಲ. ಅಲ್ಲಿಂದಲೇ ಮೊದಲ ತಪ್ಪು ಕಲ್ಪನೆ ಹುಟ್ಟುತ್ತದೆ: ಇದಕ್ಕೆ ನಿಯಮವೇ ಇಲ್ಲ, ಬಾಯಿಪಾಠವೊಂದೇ ದಾರಿ.

ಅರ್ಧ ಪಟ್ಟಿಯ ಮಟ್ಟಿಗೆ ಇದು ಸುಳ್ಳು. ಏಕವಚನದಲ್ಲಿ ಎಷ್ಟು ವ್ಯಂಜನಗಳಿವೆ ಎಂದು ಮೊದಲು ಎಣಿಸಬೇಕು. ಕೊನೆಯ ಸ್ತ್ರೀಲಿಂಗ ಪ್ರತ್ಯಯವನ್ನು ಲೆಕ್ಕಕ್ಕೆ ಹಿಡಿಯಬಾರದು. ಮದರಸಾ ಪದದಲ್ಲಿ ಮ್, ದ್, ರ್, ಸ್ ನಾಲ್ಕು. ನಾಲ್ಕು ಬಂದರೆ ಅಚ್ಚು ಹೆಚ್ಚುಕಡಿಮೆ ಒಂದೇ: ಮೊದಲ ವ್ಯಂಜನಕ್ಕೆ ಅ, ಎರಡನೆಯದಕ್ಕೆ ಆ, ಮೂರನೆಯದಕ್ಕೆ ಇ. ಮದಾರಿಸ್. ಹಾಗೆಯೇ ಮಸ್ಜಿದ್–ಮಸಾಜಿದ್, ಮಂಜಿಲ್–ಮನಾಜಿಲ್. ಏಕವಚನದ ಕೊನೆಯ ವ್ಯಂಜನದ ಹಿಂದೆ ದೀರ್ಘಸ್ವರವಿದ್ದರೆ ಬಹುವಚನದ ಇ ಕೂಡ ದೀರ್ಘವಾಗುತ್ತದೆ: ಸುಲ್ತಾನ್–ಸಲಾತೀನ್. ಮೊದಲ ವ್ಯಂಜನದ ಬೆನ್ನಿಗೇ ‘ಆ’ ಇದ್ದರೆ ಆ ‘ಆ’ ವಕಾರವಾಗಿ ಎರಡನೆಯ ವ್ಯಂಜನದ ಜಾಗ ತುಂಬಿ ನಾಲ್ಕರ ಲೆಕ್ಕ ಸರಿಹೊಂದಿಸುತ್ತದೆ: ಕಾನೂನ್–ಕವಾನೀನ್, ತಾರೀಖ್–ತವಾರೀಖ್. ಕಾಯಿದಾ ಕವಾಇದ್ ಆದದ್ದೂ ಹೀಗೆಯೇ. ಅಂದರೆ ಮಸಾಲೆಯೂ ಕವಾಯತೂ ಒಂದೇ ಅಚ್ಚಿನಲ್ಲಿ ಎರೆದವು.

ಎರಡನೆಯ ತಪ್ಪು ಕಲ್ಪನೆ ಸ್ವಲ್ಪ ಓದಿದವರದು: ಧಾತು ಗೊತ್ತಾದರೆ ಬಹುವಚನ ಗೊತ್ತಾಗುತ್ತದೆ. ಕ್-ತ್-ಬ್ ಧಾತುವನ್ನೇ ನೋಡಿ. ಕಿತಾಬ್ (ಪುಸ್ತಕ) ಕುತುಬ್ ಆಗುತ್ತದೆ, ಕಾತಿಬ್ (ಬರೆಯುವವನು) ಕುತ್ತಾಬ್, ಮಕ್ತಬ್ (ಪಾಠಶಾಲೆ) ಮಕಾತಿಬ್. ಧಾತು ಒಂದೇ, ಬಹುವಚನ ಮೂರು. ಹೆಚ್ಚಾಗಿ ನಿರ್ಧರಿಸುವುದು ಏಕವಚನದ ಆಕಾರ. ಕಾತಿಬ್ ಕೂಡ ಕಾಯಿದಾದಂತೆ ‘ಆ’ದಿಂದಲೇ ಸಾಗಿದರೂ ಕವಾತಿಬ್ ಆಗಲಿಲ್ಲ, ಏಕೆಂದರೆ ಅವನು ಮನುಷ್ಯ. ಮನುಷ್ಯರನ್ನು ಹೇಳುವ ಪದಗಳಿಗೆ ಬೇರೆ ಅಚ್ಚುಗಳಿವೆ. ಅಮೀರ್, ವಜೀರ್, ಫಕೀರ್ ಎಂಬ ಆಕಾರದವು ಉಮರಾ, ವುಜರಾ, ಫುಕರಾ ಆಗುತ್ತವೆ. ನಮ್ಮ ‘ಅಮೀರ–ಉಮರಾವ’ ಜೋಡಿಯಲ್ಲಿ ಏಕವಚನ, ಬಹುವಚನ ಎರಡೂ ಅಕ್ಕಪಕ್ಕ ಕೂತಿವೆ.

ನಿಜವಾದ ತೊಡಕು ಇರುವುದು ಮೂರು ವ್ಯಂಜನದ ಗಿಡ್ಡ ಪದಗಳಲ್ಲಿ. ಅಲ್ಲಿ ನಿಯಮ ಸಿಗುವುದಿಲ್ಲ, ಒಲವು ಸಿಗುತ್ತದೆ. ಖಬರ್, ಸಬಬ್, ವಲದ್ ಹೀಗೆ ಎರಡು ಅಕಾರಗಳಿದ್ದರೆ ಅಖ್ಬಾರ್, ಅಸ್ಬಾಬ್, ಔಲಾದ್ ಎಂದು ಊಹಿಸಬಹುದು, ಆದರೆ ಜಬಲ್ (ಬೆಟ್ಟ) ಜಿಬಾಲ್ ಆಗಿ ಕೈಕೊಡುತ್ತದೆ. ನಡುವಿನ ವ್ಯಂಜನಕ್ಕೆ ಸ್ವರವಿಲ್ಲದಿದ್ದರೆ ಹರ್ಫ್–ಹುರೂಫ್, ಹಕ್ಕ್–ಹುಕೂಕ್ ಮಾದರಿ ಹೆಚ್ಚು. ಅಂಥ ಪದದಲ್ಲಿ ವಕಾರ ಹೊಕ್ಕರೆ ಒಲವು ಮತ್ತೆ ಮೊದಲಿನ ಕಡೆಗೆ ವಾಲುತ್ತದೆ: ವಕ್ಫ್–ಔಕಾಫ್, ವಕ್ತ್–ಔಕಾತ್, ಕೌಲ್–ಅಕ್ವಾಲ್. ಅಹ್ವಾಲ್ ಕೂಡ ಈ ಗುಂಪಿನದೇ; ಹಾಲ್ ಪದದ ‘ಆ’ದಲ್ಲಿ ವಕಾರ ಅಡಗಿದೆ. ಇದಕ್ಕೂ ಅಪವಾದವುಂಟು, ವಜ್ಹ್ (ಮುಖ) ವುಜೂಹ್ ಆಗುತ್ತದೆ. ಬಾಯಿಪಾಠದ ಶ್ರಮವನ್ನೆಲ್ಲ ಈ ಗಿಡ್ಡ ಪದಗಳಿಗೇ ಮೀಸಲಿಡುವುದು ಲಾಭದ ಕೆಲಸ.

ಇವು ಸತ್ತ ಅಚ್ಚುಗಳೆಂದು ಭಾವಿಸುವವರೂ ಇದ್ದಾರೆ. ಆದರೆ ಆಧುನಿಕ ಕಾಲದ ಅರಬ್ಬರು ಫಿಲ್ಮ್ ಎಂಬ ಪರಕೀಯ ಪದವನ್ನು ತೆಗೆದುಕೊಂಡು ಅಫ್ಲಾಮ್ ಎಂದರು, ಬ್ಯಾಂಕನ್ನು ಬುನೂಕ್ ಮಾಡಿದರು. ಪಟ್ಟಿಯಲ್ಲಿಲ್ಲದ ಪದಕ್ಕೂ ಅಚ್ಚು ಹೊಂದಿಸುವ ಲೆಕ್ಕ ಆಡುವವರ ತಲೆಯಲ್ಲಿದೆ ಎಂದಾಯಿತು.

ಒಂದು ಎಚ್ಚರ. ಅಚ್ಚು ಕಂಡ ಕೂಡಲೇ ಬಹುವಚನ ಎಂದುಬಿಡಬಾರದು. ವಸೂಲು, ಹುಜೂರು ಎರಡೂ ಅರಬ್ಬಿಯಲ್ಲಿ ಹುರೂಫ್ ಪದದ ತದ್ರೂಪ: ವುಸೂಲ್, ಹುಜೂರ್. ಆದರೆ ‘ತಲುಪುವಿಕೆ’, ‘ಹಾಜರಿ’ ಎಂಬ ಕ್ರಿಯೆಯ ಹೆಸರುಗಳವು. ಅವಕ್ಕೆ ಏಕವಚನ ಹುಡುಕಹೊರಟರೆ ಇಲ್ಲದ ಜೋಡಿ ಕಟ್ಟಿಕೊಳ್ಳಬೇಕಾಗುತ್ತದೆ.